ಸಬ್ಜೆಕ್ಟ್ ಸಾಲಿನ ಮೊದಲ 35 ಅಕ್ಷರ

ಹೋದ ಶನಿವಾರ ಸಂಜೆ ಆಲೂರಿಂದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ನಮ್ಮ ಚಿಕ್ಕಮ್ಮನ ಪಕ್ಕದ ಮನೆಯವಳು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಒಂದು ಗೊಬ್ಬರದ ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಾಳೆ. ಟ್ಯಾಲಿ ಗೊತ್ತು, ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಲೆಕ್ಕವನ್ನೆಲ್ಲ ಆಡಿಟರ್‌ಗೆ ತಯಾರು ಮಾಡಿ ಕೊಡೋದೂ ಅವಳೇ. "ಅಕ್ಕಾ, ಹದಿನೆಂಟು ಕಡೆ ಮೇಲ್ ಹಾಕಿದೀನಿ. ಒಬ್ರೂ ಫೋನ್ ಮಾಡಿಲ್ಲ. ನನ್ ರೆಸ್ಯೂಮೆನೇ ಸರಿಯಿಲ್ವೇನೋ, ಒಂಚೂರು ನೋಡಿ" ಅಂದಳು.

ರೆಸ್ಯೂಮೆ ಚೆನ್ನಾಗೇ ಇತ್ತು. "ಕಳಿಸಿರೋ ಮೇಲ್ ತೋರ್ಸಮ್ಮ" ಅಂದೆ. ಹದಿನೆಂಟಕ್ಕೂ ಸಬ್ಜೆಕ್ಟ್ ಒಂದೇ:

```
Application for the post of Accounts Assistant
```

ಇದರಲ್ಲಿ ಏನು ತಪ್ಪು ಅಂತ ನಿಮಗೂ ಅನ್ನಿಸಬಹುದು. ವ್ಯಾಕರಣ ಸರಿ, ವಿನಯ ಇದೆ, ಕೆಲಸದ ಹೆಸರೂ ಇದೆ. ಆದರೆ ಹಾಸನದ ಒಂದು ಕಾರ್ಖಾನೆಯಲ್ಲಿ ಎಚ್.ಆರ್. ಕೆಲಸ ಮಾಡುವ ನನ್ನ ಫೋನಿಗೆ ಈ ಮೇಲ್ ಬಂದರೆ ನನಗೆ ಕಾಣಿಸೋದು ಇಷ್ಟು:

```
Application for the post of Account
```

ಅಲ್ಲಿಗೆ ಸಾಲು ಮುಗಿಯಿತು, ಮುಂದೆ ಮೂರು ಚುಕ್ಕಿ. ಫೋನನ್ನು ನೆಟ್ಟಗೆ ಹಿಡಿದಾಗ ಸಬ್ಜೆಕ್ಟಿನ ಮೊದಲ 35 ಅಕ್ಷರ, ಹೆಚ್ಚೆಂದರೆ 40 ಕಾಣುತ್ತೆ. ಫೋನಿನ ಅಗಲ, ಅಕ್ಷರದ ಗಾತ್ರ ನೋಡಿಕೊಂಡು ಒಂದೆರಡು ಆಚೀಚೆ ಆಗಬಹುದು. ಕಂಪ್ಯೂಟರಿನಲ್ಲಿ ಇನ್ನೂ ಉದ್ದ ಕಾಣುತ್ತೆ, ನಿಜ. ಆದರೆ ನಾನು ಬೆಳಗ್ಗೆ ಫ್ಯಾಕ್ಟರಿ ಬಸ್ಸಿನಲ್ಲಿ ಕೂತಿರುವಾಗಲೇ ಅರ್ಧ ಮೇಲ್ ನೋಡಿ ಮುಗಿಸಿರ್ತೀನಿ. ಅವಳ ಸಾಲಿನಲ್ಲಿ ಮೊದಲ 28 ಅಕ್ಷರ ಹೋಗಿರೋದು `Application for the post of` ಅನ್ನೋದಕ್ಕೆ. ಅದು ಅರ್ಜಿ ಅಂತ ನನಗೆ ಮೊದಲೇ ಗೊತ್ತು. ಆ ಮೇಲ್ ಐಡಿಗೆ ಬರೋದೆಲ್ಲ ಅರ್ಜಿಗಳೇ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ನಾನು ಬಹಳ ಸಲ ಯೋಚಿಸಿದ್ದೀನಿ. ನಮಗೆಲ್ಲ ಶಾಲೆಯಲ್ಲಿ ಪತ್ರ ಬರೆಯೋದು ಕಲಿಸಿದ್ದು ಹೇಗೆ? ಇವರಿಂದ, ಇವರಿಗೆ, ಮಾನ್ಯರೇ, ಆಮೇಲೆ "ವಿಷಯ: ರಜೆ ನೀಡುವಂತೆ ಕೋರಿ". ಆ ಪತ್ರ ಹೋಗ್ತಿದ್ದ ಕಚೇರಿಗೆ ರಜೆ ಕೇಳಿ ಒಂದು, ವರ್ಗಾವಣೆ ಪತ್ರ ಕೇಳಿ ಒಂದು, ಬೀದಿ ದೀಪ ಕೆಟ್ಟಿದೆ ಅಂತ ಒಂದು, ಹೀಗೆ ನೂರು ತರದ ಪತ್ರ ಬರ್ತಿತ್ತು. ಯಾವುದು ಯಾವ ಟೇಬಲ್ಲಿಗೆ ಅಂತ ಗುಮಾಸ್ತರಿಗೆ ತಿಳಿಸೋಕೆ ವಿಷಯದ ಸಾಲು ಬೇಕಿತ್ತು. ಕೆಲಸದ ಜಾಹೀರಾತಿನ ಮೇಲ್ ಪೆಟ್ಟಿಗೆ ಹಾಗಲ್ಲ. ಅಲ್ಲಿರುವ ಎಲ್ಲವೂ "ಕೆಲಸ ನೀಡುವಂತೆ ಕೋರಿ" ಬಂದದ್ದೇ. ಏನು ಕೋರಿದ್ದೀರಿ ಅಂತ ಹೇಳಬೇಕಾಗಿಲ್ಲ, ಕೋರಿದವರಲ್ಲಿ ನೀವು ಯಾರು ಅಂತ ಹೇಳಬೇಕು. ನಮ್ಮ ಊರಿನ ಮಕ್ಕಳು ಅಚ್ಚುಕಟ್ಟಾಗಿ ಕಲಿತದ್ದನ್ನೇ ಬರೆದು ಹಿಂದೆ ಬೀಳ್ತಾರಲ್ಲ, ಅದು ನನಗೆ ನಿಜವಾಗಿ ಸಂಕಟ ಕೊಡುತ್ತೆ.

ಸಬ್ಜೆಕ್ಟ್ ಆಕರ್ಷಕವಾಗಿರಬೇಕು, ಕುತೂಹಲ ಹುಟ್ಟಿಸಬೇಕು ಅಂತ ಹೇಳುವವರಿದ್ದಾರೆ. ನಾನು ಒಪ್ಪೋದಿಲ್ಲ. ಕುತೂಹಲದಿಂದ ನಾನು ಮೇಲ್ ತೆರೆದದ್ದು ನೆನಪಿಲ್ಲ. ನನ್ನ ತಲೆಯಲ್ಲಿ ಆವತ್ತು ಒಂದು ಖಾಲಿ ಜಾಗ ಇರುತ್ತೆ. ಲೆಕ್ಕ ಬಲ್ಲವರು ಬೇಕು, ಟ್ಯಾಲಿ ಬರಬೇಕು, ಮುಂದಿನ ತಿಂಗಳೊಳಗೆ ಸೇರಬೇಕು, ದಿನಾ ಬಂದು ಹೋಗುವ ದೂರದಲ್ಲಿರಬೇಕು. ಆ ಜಾಗಕ್ಕೆ ಹೊಂದುವ ಎರಡು ಮೂರು ಪದ ಕಣ್ಣಿಗೆ ಬಿದ್ದರೆ ಬೆರಳು ತಾನಾಗಿ ಅಲ್ಲಿ ಒತ್ತುತ್ತೆ.

ಅವಳ ಜೊತೆ ಕೂತು ಒಂದು ಸಾಲು ಕಟ್ಟಿದೆವು. ಮೊದಲು ಜಾಹೀರಾತನ್ನೇ ತೆಗೆಸಿದೆ. ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ `AC-07` ಅಂತ ಒಂದು ಕೋಡ್ ಇತ್ತು. "ಅದು ಅವರ ಲೆಕ್ಕಕ್ಕೆ ಇರೋದು ಅಂದ್ಕೊಂಡೆ ಅಕ್ಕಾ" ಅಂದಳು. ಹೌದು, ಅವರ ಲೆಕ್ಕಕ್ಕೇ. ಅದಕ್ಕೇ ಬರೀಬೇಕು. ಒಂದೇ ಐಡಿಗೆ ನಾಲ್ಕೈದು ಹುದ್ದೆಯ ಅರ್ಜಿ ಬರುವಾಗ ನಮ್ಮಂಥವರು ಜಿಮೇಲ್‌ನಲ್ಲಿ ಹೀಗೆ ಹುಡುಕ್ತೀವಿ, ಇಲ್ಲಾಂದ್ರೆ ಇದೇ ಪದಕ್ಕೆ ಫಿಲ್ಟರ್ ಹಾಕಿ ಬೇರೆ ಲೇಬಲ್ಲಿಗೆ ಕಳಿಸಿರ್ತೀವಿ:

```
subject:AC-07
```

ಕೋಡ್ ಇಲ್ಲದ ಮೇಲ್ ಆ ಪಟ್ಟಿಯಲ್ಲಿ ಬರೋದೇ ಇಲ್ಲ. ನಡುವಿನ ಗೆರೆ ಬಿಟ್ಟು `AC07` ಅಂತ ಬರೆದರೂ ಸಿಗದೆ ಹೋಗಬಹುದು. ಹಾಗಾಗಿ ಜಾಹೀರಾತಿನಲ್ಲಿ ಹೇಗಿದೆಯೋ ಹಾಗೇ ನಕಲು ಮಾಡಿ. ಹುದ್ದೆಯ ಹೆಸರೂ ಅಷ್ಟೇ. ಅವರು ಅಕೌಂಟ್ಸ್ ಅಸಿಸ್ಟೆಂಟ್ ಅಂದಿದ್ದರೆ ನೀವು ಅಕೌಂಟೆಂಟ್ ಅಂತ ತಿದ್ದಬೇಡಿ. ಇನ್ನು ಜಾಹೀರಾತಿನಲ್ಲೇ "ಸಬ್ಜೆಕ್ಟಿನಲ್ಲಿ ಹುದ್ದೆ, ಹೆಸರು, ಸ್ಥಳ ಬರೆಯಿರಿ" ಅಂತ ಹೇಳಿದ್ದರೆ ನಾನು ಇಲ್ಲಿ ಹೇಳಿದ್ದನ್ನೆಲ್ಲ ಪಕ್ಕಕ್ಕಿಟ್ಟು ಅವರು ಕೇಳಿದ ಹಾಗೇ ಬರೆಯಿರಿ.

ಅರ್ಧ ಗಂಟೆ ಅಳಿಸಿ ಬರೆದು ಕೊನೆಗೆ ನಿಂತದ್ದು ಇದು:

```
Accounts Assistant AC-07, 2 yrs Tally, GST, Alur, can join in 15 days
```

ಸ್ಪೇಸ್, ಕಾಮಾ ಎಲ್ಲ ಸೇರಿ 69 ಅಕ್ಷರ. ಫೋನಿನಲ್ಲಿ 35ಕ್ಕೆ ಕತ್ತರಿಸಿದರೂ ಹುದ್ದೆ, ಕೋಡ್, ಎರಡು ವರ್ಷ, ಟ್ಯಾಲಿಯ ಮೊದಲ ಮೂರು ಅಕ್ಷರ ಉಳಿಯುತ್ತೆ. ತುಂಡಾದ ಮೇಲೆ ಉಳಿದದ್ದೇ ಒಂದು ಅರ್ಥ ಕೊಡುತ್ತೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ಈ ಒಂದು ಕಾರಣಕ್ಕೇ ತೀರ್ಮಾನಿಸಿದ್ದು.

"ಹದಿನೈದು ದಿನ ಅಂತ ಅಲ್ಲೇ ಹೇಳ್ಬೇಕಾ?" ಅಂತ ಅನುಮಾನಪಟ್ಟಳು. ನನ್ನ ಅನುಭವದಲ್ಲಿ ಅದು ಟ್ಯಾಲಿಯಷ್ಟೇ ತೂಕದ ಮಾತು. ದೊಡ್ಡ ಕಂಪನಿಯಲ್ಲಿರುವವರಿಗೆ ಎರಡು ತಿಂಗಳು, ಮೂರು ತಿಂಗಳು ನೋಟಿಸ್ ಪೀರಿಯಡ್ ಇರುತ್ತೆ. ನಮಗೆ ಅಷ್ಟು ದಿನ ಕಾಯೋಕಾಗಲ್ಲ. ಹದಿನೈದು ದಿನದಲ್ಲಿ ಬರ್ತೀನಿ ಅನ್ನೋದು ಅವಳಂಥ ಸಣ್ಣ ಅಂಗಡಿಯಲ್ಲಿ ಕೆಲಸ ಮಾಡುವವರ ನಿಜವಾದ ಅನುಕೂಲ, ಅದನ್ನು ಬಚ್ಚಿಡಬಾರದು. ಆದರೆ ಮೊದಲು ಅಂಗಡಿ ಯಜಮಾನರನ್ನು ಕೇಳಿ ಖಾತ್ರಿ ಮಾಡಿಕೋ ಅಂತ ಹೇಳಿದೆ. ಸಬ್ಜೆಕ್ಟಿನಲ್ಲಿ ಬರೆದದ್ದಕ್ಕೂ ರೆಸ್ಯೂಮೆಗೂ ತಾಳೆಯಾಗದಿದ್ದರೆ ಮೇಲ್ ತೆರೆದ ಹಾಗೇ ಮುಚ್ಚುತ್ತೆ. ಎರಡು ವರ್ಷ ಟ್ಯಾಲಿ ಅಂತ ಹಾಕಿ ಒಳಗೆ ಆರು ತಿಂಗಳ ಕೋರ್ಸ್ ಮಾತ್ರ ಇದ್ದರೆ ಆ ಹೆಸರು ನನಗೆ ನೆನಪಿರುತ್ತೆ, ಒಳ್ಳೆಯ ಕಾರಣಕ್ಕಲ್ಲ.

ಆಲೂರು ಅಂತ ಹಾಕಿದ್ದು ಹಾಸನದ ಕೆಲಸ ಆಗಿದ್ದಕ್ಕೆ. ಬಸ್ಸಿನಲ್ಲಿ ಬಂದು ಹೋಗಬಹುದು, ರೂಮು ಪಿಜಿ ಗೋಜಿಲ್ಲ ಅಂತ ಇಲ್ಲಿಯವರಿಗೆ ತಕ್ಷಣ ಗೊತ್ತಾಗುತ್ತೆ. ಇದೇ ಸಾಲು ಬೆಂಗಳೂರಿಗೆ ಹೋದರೆ ಆಲೂರು ಅನ್ನೋದು "ಇವಳು ಇಷ್ಟು ದೂರ ಬರ್ತಾಳೋ ಇಲ್ವೋ" ಅನ್ನೋ ಪ್ರಶ್ನೆ ಎಬ್ಬಿಸುತ್ತೆ. ಅಲ್ಲಿಗೆ `relocating to Bengaluru` ಅಂತ ಬದಲಾಯಿಸಬೇಕು, ಹೋಗೋ ಮನಸ್ಸಿದ್ದರೆ ಮಾತ್ರ.

ಹೆಸರು ಎಲ್ಲಿ ಅಂತ ಕೇಳಬಹುದು. ಹೆಸರು ಕಳಿಸಿದವರ ಜಾಗದಲ್ಲಿ ಸಬ್ಜೆಕ್ಟಿಗಿಂತ ಮೊದಲೇ ದಪ್ಪ ಅಕ್ಷರದಲ್ಲಿ ಬರುತ್ತೆ, ಮತ್ತೆ ಬರೆದು ಅಕ್ಷರ ಖರ್ಚು ಮಾಡೋದು ಬೇಡ. ಆದರೆ ಇಲ್ಲೊಂದು ಎಡವಟ್ಟು ನಮ್ಮ ಕಡೆ ದಿನಾ ನೋಡ್ತೀನಿ. ಸೈಬರ್ ಸೆಂಟರಿಗೆ ಹೋಗಿ ಅವರ ಐಡಿಯಿಂದಲೇ ಕಳಿಸಿರ್ತಾರೆ. ನನಗೆ ಕಾಣೋದು ಸೈಬರ್ ಸೆಂಟರಿನ ಹೆಸರು, ಅದರ ಮುಂದೆ `Fwd: Fwd: resume`. ಒಂದೇ ಹೆಸರಿನಿಂದ ಐದು ಜನರ ಅರ್ಜಿ ಬಂದು ಕೂತಿರುತ್ತೆ, ಯಾರದು ಯಾವುದು ತಿಳಿಯೋದಿಲ್ಲ, ನಾನು ಉತ್ತರ ಬರೆದರೂ ಅದು ಅಂಗಡಿಗೆ ಹೋಗುತ್ತೆ. ದಯವಿಟ್ಟು ನಿಮ್ಮದೇ ಐಡಿ ಇರಲಿ, ಅದರಲ್ಲಿ ಹೆಸರು ಪೂರ್ತಿ ಇರಲಿ. ಅಣ್ಣನ ಐಡಿ, ಅಪ್ಪನ ಐಡಿಯಿಂದ ಕಳಿಸಿದರೂ ಇದೇ ತೊಂದರೆ.

ಕೆಲಸದ ಅನುಭವ ಇಲ್ಲದವರಿಗೆ ವರ್ಷದ ಜಾಗದಲ್ಲಿ ಓದು ಮತ್ತು ಪಾಸಾದ ವರ್ಷ ಬರಲಿ. ಐಟಿಐ ಫಿಟ್ಟರ್ ಆದರೆ `Fitter trainee, ITI 2025, Hassan` ಅಂತ ಬರೆದರೆ ನನಗೆ ಸಾಕು. "ಕಷ್ಟಪಟ್ಟು ದುಡಿಯುವ ಯುವಕ" ಅಂತ ಇಂಗ್ಲಿಷಿನಲ್ಲಿ ಬರೆಯುವ ಪದಗಳನ್ನು ಯಾರೂ ಹುಡುಕೋದಿಲ್ಲ. ಎಲ್ಲ ದೊಡ್ಡಕ್ಷರ, ಮೂರು ಆಶ್ಚರ್ಯ ಚಿಹ್ನೆ, `URGENT` ಇವೆಲ್ಲ ಸ್ಪ್ಯಾಮ್ ಮೇಲ್‌ಗಳ ವೇಷ. ನಾವು ಮಾತಾಡದೇ ಇದ್ದರೂ ಮುಂದೆ `Re:` ಸೇರಿಸಿ ಕಳಿಸೋದು ಮೋಸ, ನನಗೆ ಅದರಷ್ಟು ಬೇಸರ ತರಿಸುವುದು ಬೇರೆ ಇಲ್ಲ.

ಸಬ್ಜೆಕ್ಟಿನ ಬೆನ್ನಿಗೇ ಮೇಲ್‌ನ ಮೊದಲ ಸಾಲೂ ಮಸುಕಾಗಿ ಕಾಣುತ್ತೆ. ಅವಳದರಲ್ಲಿ ಇದ್ದದ್ದು `Respected Sir/Madam, With reference to the above subject`. ಸಬ್ಜೆಕ್ಟ್ ಮಾಡಿದ ಕೆಲಸವನ್ನು ಇದು ಅಲ್ಲೇ ನಿಲ್ಲಿಸಿಬಿಡುತ್ತೆ. ಗೌರವದ ಒಂದು ಪದ ಇಟ್ಟು ನೇರವಾಗಿ ಗೊಬ್ಬರದ ಅಂಗಡಿಯ ಬಿಲ್ಲಿಂಗ್, ಜಿಎಸ್‌ಟಿ ಲೆಕ್ಕದ ಮಾತಿಗೆ ಬರೋ ಹಾಗೆ ಬದಲಾಯಿಸಿದೆವು.

ಸರಿಯಾಗಿದೆಯೋ ಇಲ್ಲವೋ ತಿಳಿಯೋಕೆ ಅವಳಿಗೆ ಹೇಳಿಕೊಟ್ಟದ್ದು ಒಂದೇ ದಾರಿ. ಮೊದಲು ಮನೆಯವರ ಐಡಿಗೆ ಕಳಿಸು, ಅವರ ಫೋನಿನಲ್ಲಿ ತೆರೆಯದೆ ಪಟ್ಟಿಯಲ್ಲೇ ನೋಡು. ಅವಳ ಅಣ್ಣನ ಫೋನಿನಲ್ಲಿ ನೋಡಿದಾಗ ಕಳಿಸಿದವರ ಜಾಗದಲ್ಲಿ ಅವಳ ಹೆಸರಿನ ಬದಲು ಕಾಲೇಜಿನ ದಿನಗಳಲ್ಲಿ ಇಟ್ಟಿದ್ದ ಅಡ್ಡಹೆಸರು ಬಂತು. ಹದಿನೆಂಟು ಮೇಲ್ ಅದೇ ಹೆಸರಲ್ಲಿ ಹೋಗಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸೋಕೆ ಎರಡು ನಿಮಿಷ ಸಾಕಾಯ್ತು.

ಭಾನುವಾರ ಕಳಿಸೋದು ಬೇಡ ಅಂತ ಸೋಮವಾರ ಬೆಳಗ್ಗೆ ಕಳಿಸಿದಳು. ಕಳಿಸಿದ ಮೇಲೆ ರೆಸ್ಯೂಮೆಯಲ್ಲಿ ಫೋನ್ ನಂಬರಿನ ಒಂದು ಅಂಕಿ ತಪ್ಪಿರೋದು ಕಾಣಿಸಿ ಗಾಬರಿಯಾಗಿ ನನಗೆ ಫೋನ್ ಮಾಡಿದಳು. "ಹೊಸದಾಗಿ ಕಳಿಸ್ಬೇಡ, ಕಳಿಸಿರೋ ಮೇಲ್‌ಗೇ ರಿಪ್ಲೈ ಮಾಡಿ ಸರಿಯಾದ್ದನ್ನ ಸೇರ್ಸು, ಸಬ್ಜೆಕ್ಟ್ ಮುಟ್ಬೇಡ" ಅಂದೆ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾದರೆ ಸಂಭಾಷಣೆ ಎರಡಾಗಿ ಒಡೆಯುತ್ತೆ. ಆಗ ತಪ್ಪು ನಂಬರಿನದೊಂದು, ಸರಿ ನಂಬರಿನದೊಂದು ಬೇರೆ ಬೇರೆ ಕಡೆ ಕೂತಿರುತ್ತೆ, ಓದುವವರು ಯಾವುದನ್ನು ತೆರೀತಾರೋ ಹೇಳೋಕಾಗಲ್ಲ.

ಬುಧವಾರ ಮಧ್ಯಾಹ್ನ ಅವಳಿಗೆ ಕರೆ ಬಂತಂತೆ. ಅವರು ಕೇಳಿದ ಮೊದಲನೇ ಮಾತು, "ಹದಿನೈದು ದಿನದಲ್ಲಿ ಸೇರ್ತೀನಿ ಅಂತ ಹಾಕಿದೀರಲ್ಲಮ್ಮ, ಖಾತ್ರಿನಾ?" ಯಜಮಾನರನ್ನು ಕೇಳಿ ಇಟ್ಟುಕೊಂಡಿದ್ದರಿಂದ ಹೌದು ಸಾರ್ ಅಂತ ಧೈರ್ಯವಾಗಿ ಹೇಳಿದಳಂತೆ. ನಾಡಿದ್ದು ಸಂದರ್ಶನ.