ನಾಲ್ಕೂವರೆ ಗಂಟೆಯನ್ನೂ ಬರೆಯಿರಿ

ನನ್ನ ಊರು ಅಂಕೋಲೆ. ಹದಿನಾಲ್ಕು ವರ್ಷದಿಂದ ಕೊಚ್ಚಿಯ ಮೀನು ರಫ್ತು ಘಟಕವೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ಚೌತಿಗೆ ಮನೆಗೆ ಹೋದಾಗ ಚಿಕ್ಕಪ್ಪನ ಮಗ ತನ್ನ ಕಂಪನಿಯ ನೇಮಕಾತಿ ಪುಟವನ್ನು ಕೈಗಿಟ್ಟ. ಅವನು ಕಾರವಾರದ ಹತ್ತಿರ ಇಂಥದೇ ಘಟಕದಲ್ಲಿ ಮ್ಯಾನೇಜರ್. "ಅಣ್ಣಾ, ಬಿಎಸ್ಸಿ ಮುಗಿಸಿದ ಹುಡುಗ್ರು ಬರ್ತಾರೆ, ದೀಪಾವಳಿ ಒಳಗೆ ಬಿಟ್ಟು ಹೋಗ್ತಾರೆ. ಯಾಕೆ ಅಂತ ನೀನೇ ನೋಡು" ಎಂದ.

ಪುಟದಲ್ಲಿ ಇದ್ದದ್ದು ಇಷ್ಟೇ: ಗುಣಮಟ್ಟ ವಿಭಾಗದಲ್ಲಿ ಸವಾಲಿನ ಹುದ್ದೆ, ಆಕರ್ಷಕ ವೇತನ, ಬೆಳೆಯಲು ವಿಪುಲ ಅವಕಾಶ, ಆಯ್ಕೆಯಾದವರಿಗೆ ಮಾತ್ರ ತಿಳಿಸಲಾಗುವುದು. ಇದನ್ನು ಓದಿದ ಹುಡುಗಿ ಬಿಳಿ ಕೋಟು, ಮೈಕ್ರೋಸ್ಕೋಪು, ಎಸಿ ಕೋಣೆಯನ್ನೇ ಕಲ್ಪಿಸಿಕೊಳ್ಳುತ್ತಾಳೆ. ಮೊದಲ ದಿನ ಅವಳ ಕೈಗೆ ಸಿಗುವುದು ಗಮ್‌ಬೂಟು.

ಕೊಚ್ಚಿಯಲ್ಲಿ ನಮ್ಮ ಪುಟ ಶುರುವಾಗುವುದೇ ಒಂದು ಬೆಳಗಿನ ವಿವರದಿಂದ. ಹಾಗೇ ಕಾರವಾರದ ಬೈತಖೋಲ ಬಂದರಿನ ಬೆಳಗನ್ನು ಇಬ್ಬರೂ ಕೂತು ಬರೆದೆವು. ಬಂಗಡೆಯ ಲೋಡು ನಾಲ್ಕೂವರೆಗೆ ಬರಬಹುದು. ಅದಕ್ಕೆ ಮೊದಲು ಪುಡಿ ಐಸು ಮತ್ತು ನೀರು ಬೆರೆಸಿದ ಪಾತ್ರೆಯಲ್ಲಿ ಥರ್ಮಾಮೀಟರು ಅದ್ದಿ, ಸೊನ್ನೆ ತೋರಿಸುತ್ತದೋ ನೋಡಬೇಕು. ಆಮೇಲೆ ಕ್ರೇಟಿನ ಮೇಲಿನ ಮೀನಲ್ಲ, ನಡುವಿನದನ್ನು ಎತ್ತಿ, ಬೆನ್ನಿನ ದಪ್ಪ ಭಾಗದಲ್ಲಿ ಮೂಳೆಯ ಹತ್ತಿರಕ್ಕೆ ಸೂಜಿ ಚುಚ್ಚಬೇಕು. ನಾಲ್ಕು ಡಿಗ್ರಿಗಿಂತ ಹೆಚ್ಚಿದ್ದರೆ ಆ ಲೋಡನ್ನು ತಡೆದು ಮೇಲಿನವರಿಗೆ ಹೇಳಬೇಕು. ಬಂಗಡೆ ಬಿಸಿಯಲ್ಲಿ ಉಳಿದರೆ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಮೇಲೆ ಫ್ರೀಜರಿಗಿಟ್ಟರೂ ಹೋಗದು, ಬೇಯಿಸಿದರೂ ಹೋಗದು. ಮೀನು ತಾಜಾ ಕಂಡರೂ ತಿಂದವರ ಮೈ ಕೆಂಪಾಗಿ ತುರಿಸುತ್ತದೆ. ಈ ಕಾರಣವನ್ನು ಪುಟದಲ್ಲೇ ಹೇಳಿ ಎಂದೆ. ಕೆಮಿಸ್ಟ್ರಿ ಓದಿದವರಿಗೆ ತಮ್ಮ ಓದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದು ಅಲ್ಲೇ ಕಾಣುತ್ತದೆ.

ಇನ್ನೊಂದು ವಾಕ್ಯಕ್ಕೆ ನಮ್ಮಿಬ್ಬರಲ್ಲಿ ಜಗಳವೇ ಆಯಿತು. ಲೋಡು ತಂದವನು ವಯಸ್ಸಿನಲ್ಲಿ ದೊಡ್ಡವನು, ಊರಿನ ಪರಿಚಯದವನು, ಸಿಟ್ಟು ಮಾಡುತ್ತಾನೆ. ಹೊಸಬ ಇಪ್ಪತ್ತೊಂದರ ಹುಡುಗ. "ಇಷ್ಟೆಲ್ಲ ಬರೆದರೆ ಯಾರು ಬರ್ತಾರೆ?" ಎಂದು ತಮ್ಮ. ಬಿಟ್ಟು ಹೋದವರಿಗೆ ಫೋನು ಮಾಡಿ ಕೇಳು ಎಂದೆ, ಕೇಳಿದ. ಇಬ್ಬರು ಹೇಳಿದ್ದು ಇದನ್ನೇ: ಚಳಿಯೂ ಅಲ್ಲ, ವಾಸನೆಯೂ ಅಲ್ಲ, ಆ ಬೈಗುಳದ ಎದುರು ಒಂಟಿಯಾಗಿ ನಿಲ್ಲಬೇಕಾದದ್ದು. ಹಾಗಾಗಿ ಪುಟದಲ್ಲಿ ಆ ಕಷ್ಟವನ್ನೂ ಬರೆದೆವು, ಮೊದಲ ಮೂರು ತಿಂಗಳು ಪಕ್ಕದಲ್ಲಿ ಹಿರಿಯರೊಬ್ಬರು ಇರುತ್ತಾರೆಂದೂ ಬರೆದೆವು. ಹಾಗೆ ಬರೆದ ಮೇಲೆ ಕಂಪನಿ ಹಿರಿಯರೊಬ್ಬರನ್ನು ನಿಜವಾಗಿಯೂ ಆ ಪಾಳಿಗೆ ಹಾಕಬೇಕಾಯಿತು. ನನಗೆ ತುಂಬ ಸಮಾಧಾನ ಕೊಟ್ಟದ್ದು ಅದು.

'ವಿಪುಲ ಅವಕಾಶ'ದ ಜಾಗದಲ್ಲಿ ಈಗ ದಾರಿಯೇ ಇದೆ. ಮೊದಲು ಮೀನು ಇಳಿಸಿಕೊಳ್ಳುವ ಜಾಗ, ನಂತರ ಫ್ರೀಜರ್ ವಿಭಾಗದ ದಾಖಲೆಗಳು, ಆಮೇಲೆ ಲ್ಯಾಬು. ರಫ್ತು ತಪಾಸಣೆ ಏಜೆನ್ಸಿಯ ಒಪ್ಪಿಗೆ ಪಡೆದ ಟೆಕ್ನಾಲಜಿಸ್ಟ್ ಆಗುವುದು ಈ ಕೆಲಸದಲ್ಲಿ ದೊಡ್ಡ ಮೆಟ್ಟಿಲು. ಅದಕ್ಕೆ ತಕ್ಕ ಓದು, ಅನುಭವ ಎರಡೂ ಬೇಕು, ಬರೀ ವರ್ಷ ಕಳೆದರೆ ಸಿಗದು. ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಓದಿದವರಿಗೂ ಸಾದಾ ಬಿಎಸ್ಸಿಯವರಿಗೂ ಆ ದಾರಿ ಒಂದೇ ಉದ್ದದ್ದಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಸಂಬಳಕ್ಕೆ 'ಆಕರ್ಷಕ' ತೆಗೆದು, ಪಿಎಫ್ ಕಳೆದು ಕೈಗೆ ಬರುವ ಮೊತ್ತ ಹಾಕಿದೆವು.

ಆಯ್ಕೆಯ ಕ್ರಮದಲ್ಲಿ ಕೊಚ್ಚಿಯಿಂದ ನಾನು ತಂದದ್ದು ಒಂದೇ, ಅರ್ಧ ದಿನದ ಪರೀಕ್ಷೆ. ಅಭ್ಯರ್ಥಿಗೆ ಥರ್ಮಾಮೀಟರು ಕೊಟ್ಟು ಐದು ಮೀನಿನ ಉಷ್ಣಾಂಶ ಬರೆಯಲು ಹೇಳುತ್ತೇವೆ. ಒಂದು ಕ್ರೇಟಿನಲ್ಲಿ ಬೇಕೆಂದೇ ಐಸು ಕಡಿಮೆ. ಏಳು ಡಿಗ್ರಿ ಕಂಡಾಗ ಏಳೆಂದೇ ಬರೆಯುತ್ತಾರೋ, ಉಳಿದವಕ್ಕೆ ಹೊಂದಲೆಂದು ನಾಲ್ಕು ಮಾಡುತ್ತಾರೋ ನೋಡುವುದು. ಇಂಗ್ಲಿಷ್ ಇಂಟರ್‌ವ್ಯೂ ಇದನ್ನು ಹೇಳಲಾರದು. ಮಾತುಕತೆ ಕನ್ನಡದಲ್ಲೋ ಕೊಂಕಣಿಯಲ್ಲೋ ಆಗುತ್ತದೆ, ಬಸ್ಸಿನ ಖರ್ಚು ಕೊಡುತ್ತಾರೆ, ಆಗಲಿ ಆಗದಿರಲಿ ಮೂರು ದಿನದೊಳಗೆ ಉತ್ತರ ಹೋಗುತ್ತದೆ.

ಒಂದು ಸಾಲು ಮಾತ್ರ ಇನ್ನೂ ಬಾಕಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಆಗ ಹೊಸಬರಿಗೆ ಪೂರ್ತಿ ಸಂಬಳ ಇದೆಯೋ ಇಲ್ಲವೋ? ಕೊಚ್ಚಿಯಲ್ಲಿ ಇಂಥ ನಿಷೇಧದ ದಿನಗಳನ್ನು ತರಬೇತಿಗೆ, ಯಂತ್ರಗಳ ಪರಿಶೀಲನೆಗೆ ಬಳಸಿ ಸಂಬಳ ಕೊಡುತ್ತೇವೆ. ಇಲ್ಲಿ ಮಾಲೀಕರು ನಿರ್ಧರಿಸಿಲ್ಲ. ಆ ಜಾಗ ಖಾಲಿ ಇರುವಾಗ ಪುಟವನ್ನು ಕಾಲೇಜಿಗೆ ಕೊಡಬೇಡ ಎಂದು ತಮ್ಮನಿಗೆ ಹೇಳಿ ಬಂದಿದ್ದೇನೆ. ಅವನು ಇನ್ನೂ ಕೊಟ್ಟಿಲ್ಲ.