ಅಖಂಡ ಸೇವೆಯಲ್ಲಿ ಐದು ತಿಂಗಳು ಕಮ್ಮಿ

ಮೇ 31 ಬಂತೆಂದರೆ ನನಗೆ ಬೇಡಿಕೆ ಜಾಸ್ತಿ. ನಾನು ಸರ್ಕಾರಿ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ಪಾಠಕ್ಕೆ ನನ್ನನ್ನು ಯಾರೂ ಅಷ್ಟಾಗಿ ಹುಡುಕುವುದಿಲ್ಲ. ಬೀಳ್ಕೊಡುಗೆ ಭಾಷಣಕ್ಕೆ ಮಾತ್ರ ಕ್ಯಾಂಟೀನಿಗೇ ಬಂದು ಹುಡುಕುತ್ತಾರೆ.

ಮೇ 31ರಂದೇ ಯಾಕೆ ಅಂತೀರಾ? ನಮ್ಮ ರಾಜ್ಯದ ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಒಂದನೇ ತಾರೀಕು ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ. ಹಿಂದೆಲ್ಲ ಮಗನನ್ನು ಸ್ಕೂಲಿಗೆ ಸೇರಿಸಲು ಹೋದಾಗ ಹೆಡ್‌ಮೇಷ್ಟ್ರು "ಯಾವಾಗ ಹುಟ್ಟಿದ್ದು?" ಎಂದು ಕೇಳುತ್ತಿದ್ದರು. ಅಪ್ಪ "ಆ ವರ್ಷ ನಮ್ಮ ಕೆರೆ ಕೋಡಿ ಬಿದ್ದಿತ್ತು ಸಾರ್" ಅನ್ನುತ್ತಿದ್ದರು. ಹೆಡ್‌ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಹಾಗಾಗಿ ಒಂದು ತಲೆಮಾರಿನ ಅರ್ಧಕ್ಕರ್ಧ ಗುಮಾಸ್ತರು ಒಂದೇ ದಿನ ಹುಟ್ಟಿದವರಂತೆ ಒಂದೇ ದಿನ ಶಾಲು ಹೊದ್ದುಕೊಂಡು ಮನೆಗೆ ಹೋಗುತ್ತಾರೆ.

ಇಷ್ಟು ಜನಕ್ಕೆ ಬೇರೆ ಬೇರೆ ಭಾಷಣ ಬರೆಯಲು ನನಗೇನು ಸರಸ್ವತಿ ಒಲಿದಿದ್ದಾಳಾ? ನನ್ನ ಕಂಪ್ಯೂಟರಿನಲ್ಲಿ `beelkoduge_final_3.docx` ಎಂಬ ಒಂದು ಫೈಲಿದೆ. ಹೆಸರು ಬದಲಿಸಿದರೆ ಸಾಕು, ಭಾಷಣ ರೆಡಿ. ಸರಳ, ಸಜ್ಜನ, ಸ್ನೇಹಜೀವಿ, ಅಜಾತಶತ್ರು ಎಲ್ಲ ಅದರೊಳಗೇ ಇದ್ದಾರೆ. ಒಮ್ಮೆ ಮಾತ್ರ ಎಡವಟ್ಟಾಯಿತು. ಟೈಪಿಸ್ಟ್ ಮೇಡಂ ನಿವೃತ್ತರಾದಾಗ ಪ್ರಿನ್ಸಿಪಾಲರು "ಇವರ ಯಶಸ್ಸಿನ ಹಿಂದೆ ಇವರ ಧರ್ಮಪತ್ನಿಯವರ ತ್ಯಾಗವಿದೆ" ಎಂದು ಓದಿಬಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಗಂಡ ಎದ್ದು ಕೈಮುಗಿದರು. ಸಭೆ ಚಪ್ಪಾಳೆ ತಟ್ಟಿತು. ಬೀಳ್ಕೊಡುಗೆಯಲ್ಲಿ ಮಾತನ್ನು ಯಾರೂ ಕೇಳುವುದಿಲ್ಲ, ಚಪ್ಪಾಳೆ ತಟ್ಟಬೇಕಾದ ಜಾಗವನ್ನು ಮಾತ್ರ ಕಾಯುತ್ತಿರುತ್ತಾರೆ ಎಂದು ನನಗೆ ಅವತ್ತೇ ಗೊತ್ತಾಯಿತು.

ಕಳೆದ ವರ್ಷ, ಅಂದರೆ 2025ರ ಮೇ 31ರಂದು ಸರದಿ ನಮ್ಮ ಆಫೀಸ್ ಸೂಪರಿಂಟೆಂಡೆಂಟರದು. ಹೆಸರು ಬೇಡ, ರಾಯರು ಅನ್ನೋಣ. 1995ರ ಜೂನ್ 1ರಂದು ಸೇವೆಗೆ ಸೇರಿದವರು. ಸರಿಯಾಗಿ 30 ವರ್ಷ. ಪ್ರಿನ್ಸಿಪಾಲರು ನನ್ನನ್ನು ಕರೆದು, "ಮೇಷ್ಟ್ರೇ, ಮೂವತ್ತು ವರ್ಷಗಳ ಅಖಂಡ ಸೇವೆ ಅನ್ನೋದನ್ನ ಚೆನ್ನಾಗಿ ಎತ್ತಿ ಹಿಡೀರಿ" ಅಂದರು. ನಾನು ಎತ್ತಿ ಹಿಡಿದೆ. ಬರೆದದ್ದನ್ನು ರಾಯರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದು, "ಅಖಂಡ" ಎಂಬ ಪದದ ಕೆಳಗೆ ಗೆರೆ ಎಳೆದರು.

"ಇದು ಸದ್ಯಕ್ಕೆ ಆಕ್ಷೇಪಣೆಯಲ್ಲಿದೆ ಮೇಷ್ಟ್ರೇ."

ವಿಷಯ ಇಷ್ಟು. ಸರ್ಕಾರಿ ನೌಕರನ ಜಾತಕವೆಲ್ಲ ಸೇವಾ ಪುಸ್ತಕದಲ್ಲಿರುತ್ತದೆ. ಆಫೀಸಿನ ಭಾಷೆಯಲ್ಲಿ ಎಸ್ಆರ್. ಅದರಲ್ಲಿ ಪ್ರತಿ ವರ್ಷ ಕಚೇರಿ ಮುಖ್ಯಸ್ಥರು ಸಂಬಳದ ಬಿಲ್ಲು ನೋಡಿ, ಇಂಥ ದಿನದಿಂದ ಇಂಥ ದಿನದವರೆಗೆ ಸೇವೆ ಪರಿಶೀಲಿಸಲಾಗಿದೆ ಎಂದು ಬರೆದು ಸಹಿ ಹಾಕಬೇಕು. ಆ ಒಂದು ಸಾಲು ಇಲ್ಲದಿದ್ದರೆ ನೀವು ಆ ಅವಧಿಯಲ್ಲಿ ಬೆವರು ಹರಿಸಿ ದುಡಿದಿರಬಹುದು, ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. 1998ರಲ್ಲಿ ರಾಯರನ್ನು ಐದು ತಿಂಗಳು ಇನ್ನೊಂದು ಊರಿನ ಕಾಲೇಜಿಗೆ ನಿಯೋಜನೆ ಮೇಲೆ ಕಳಿಸಿದ್ದರು. ಅಲ್ಲಿಯವರು, ಇವರು ನಮ್ಮವರಲ್ಲ ಎಂದು ಎಸ್ಆರ್‌ನಲ್ಲಿ ಬರೆಯಲಿಲ್ಲ. ಇಲ್ಲಿಯವರು, ಆಗ ಇವರು ಇಲ್ಲಿರಲಿಲ್ಲ ಎಂದು ಬರೆಯಲಿಲ್ಲ. ಇಬ್ಬರೂ ನಿಯಮದ ಪ್ರಕಾರವೇ ನಡೆದುಕೊಂಡರು. ರಾಯರು ಮಾತ್ರ ಐದು ತಿಂಗಳು ಭೂಮಿಯ ಮೇಲೆಯೇ ಇರಲಿಲ್ಲ.

ಆ ಕಾಲೇಜಿನಲ್ಲಿ ಹಳೆಯ ಬಿಲ್ಲು ಹುಡುಕಿಸಿದರೆ, ಗೆದ್ದಲು ಆಗಲೇ ಪರಿಶೀಲನೆ ಮುಗಿಸಿತ್ತು.

ಐದು ತಿಂಗಳಿಗೆ ಏನಾಗುತ್ತೆ ಬಿಡಿ ಅನ್ನಬೇಡಿ. ಪೂರ್ತಿ ಪಿಂಚಣಿಗೆ 30 ವರ್ಷದ ಅರ್ಹತಾ ಸೇವೆ ಬೇಕು. ಲೆಕ್ಕ ಹಾಕುವುದು ಅರ್ಧರ್ಧ ವರ್ಷವಾಗಿ, ಒಟ್ಟು 60 ಅರ್ಧ. ಐದು ತಿಂಗಳು ಹೋದರೆ ಉಳಿಯುವುದು 29 ವರ್ಷ 7 ತಿಂಗಳು, ಅಂದರೆ 59 ಅರ್ಧ. ಕೊನೆಯ ಮೂಲ ವೇತನ 60,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಅರ್ಧ, 30,000 ಪಿಂಚಣಿ. ಅರವತ್ತರಲ್ಲಿ ಒಂದು ಪಾಲು ಹೋದರೆ 29,500. ತಿಂಗಳಿಗೆ 500 ರೂಪಾಯಿ ಖೋತಾ, ಬದುಕಿರುವ ತನಕ. ಭಾಷಣದಲ್ಲಿ "ಅಖಂಡ" ಎಂದು ಹೇಳಲು ಒಂದು ಸೆಕೆಂಡು ಸಾಕು. ಎಸ್ಆರ್‌ನಲ್ಲಿ ಹೇಳಿಸಲು ರಾಯರು ಏಳು ಪತ್ರ ಬರೆದಿದ್ದರು.

ಇನ್ನೂ ತಮಾಷೆ ಎಂದರೆ, ಕಾಲೇಜಿನ ಎಲ್ಲರ ಪಿಂಚಣಿ ಕಾಗದ ತಯಾರು ಮಾಡಿ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಳಿಸುತ್ತಿದ್ದವರು ಇದೇ ರಾಯರು. ನೌಕರ ಕೆಲಸಕ್ಕೆ ಸೇರಿದ ದಿನವೇ ಅವನು ಯಾವತ್ತು ನಿವೃತ್ತನಾಗುತ್ತಾನೆ ಎಂದು ಸರ್ಕಾರಕ್ಕೆ ಗೊತ್ತಿರುತ್ತದೆ. ಮೂವತ್ತು ವರ್ಷ ಮೊದಲೇ ತಾರೀಕು ಗೊತ್ತಿರುವ ಕಾರ್ಯಕ್ರಮ ಸರ್ಕಾರದಲ್ಲಿ ಇದೊಂದೇ ಇರಬೇಕು. ಆದರೂ ಪ್ರತಿ ಸಲ ಕೊನೆಯ ತಿಂಗಳಲ್ಲಿ, "ಅಯ್ಯೋ, ಇಷ್ಟು ಬೇಗ ಅರವತ್ತಾಯ್ತಾ ನಿಮಗೆ?" ಎಂದು ಎಲ್ಲರೂ ಗಾಬರಿಯಾಗುತ್ತಾರೆ.

ರಾಯರ ಕೆಂಪು ಪೆನ್ನು ಅಲ್ಲಿಗೆ ನಿಲ್ಲಲಿಲ್ಲ. "ಒಂದು ದಿನವೂ ರಜೆ ಹಾಕದ ಕಾಯಕಯೋಗಿ" ಎಂಬ ವಾಕ್ಯಕ್ಕೆ ಬಂತು.

"ಇದನ್ನ ತೆಗೀರಿ. ವರ್ಷಕ್ಕೆ 30 ಗಳಿಕೆ ರಜೆ. ಒಂದೂ ಹಾಕಿಲ್ಲ ಅಂದ್ರೆ 900 ಆಯ್ತು. ಖಾತೆಯಲ್ಲಿ 300ಕ್ಕಿಂತ ಜಾಸ್ತಿ ಇಟ್ಕೊಳ್ಳೋಕೆ ಬಿಡಲ್ಲ. ಅಂದ್ರೆ ನಾನು ದಡ್ಡ ಅಂತ ಸ್ಟೇಜ್ ಮೇಲೆ ಹೇಳಿದ ಹಾಗಾಯ್ತು. ನನ್ನ ಖಾತೆಯಲ್ಲಿರೋದು 212. ಮಗಳ ಮದುವೆಗೆ ಹಾಕಿದೀನಿ, ಮಂಡಿ ಆಪರೇಷನ್‌ಗೆ ಹಾಕಿದೀನಿ. ಉಳಿದಿದ್ದಕ್ಕೆ ದುಡ್ಡು ಬರಬೇಕು. ನಿಮ್ಮ ಭಾಷಣ ನಂಬಿ ಯಾರಾದ್ರೂ ಲೆಕ್ಕ ತಾಳೆ ನೋಡಿದ್ರೆ ಮತ್ತೊಂದು ಆಕ್ಷೇಪಣೆ."

ಕೊನೆಗೆ ಕೆಂಪು ಗೆರೆ ಬೀಳದೆ ಉಳಿದದ್ದು ಒಂದೇ ವಾಕ್ಯ. "ಇವರಿಂದ ತೆರವಾದ ಸ್ಥಾನವನ್ನು ಯಾರಿಂದಲೂ ತುಂಬಲು ಸಾಧ್ಯವಿಲ್ಲ." ಅದು ಸಾವಿನ ಮನೆಯ ಮಾತು, ತೆಗೆಯಲಾ ಎಂದು ನಾನೇ ಕೇಳಿದೆ. ರಾಯರು ಬೇಡ ಅಂದರು. "ಇದೊಂದು ಸತ್ಯ. ಆರ್ಥಿಕ ಇಲಾಖೆ ಒಪ್ಪಿಗೆ ಇಲ್ಲದೆ ಹುದ್ದೆ ತುಂಬೋ ಹಾಗಿಲ್ಲ. ನಮ್ಮಲ್ಲಿ ನಾಲ್ಕು ಕುರ್ಚಿ ಹಾಗೇ ಖಾಲಿ ಇದಾವೆ, ನೋಡ್ತಿಲ್ವಾ? ಇರಲಿ."

ಸಮಾರಂಭ ಎಂದಿನಂತೆ ಒಂದೂವರೆ ಗಂಟೆ ತಡವಾಗಿ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಲ್ಲ ಆಯಿತು. ಆಫೀಸಿನಲ್ಲಿ ರಾಯರ ಜೊತೆ ಎಂಟು ವರ್ಷದಿಂದ ಮಾತು ಬಿಟ್ಟಿದ್ದ ಕ್ಯಾಷಿಯರು ಮೈಕ್ ಹಿಡಿದು "ಇವರು ನನಗೆ ಅಣ್ಣನಿದ್ದಂತೆ" ಎಂದು ಗದ್ಗದಿತರಾದರು. ನನಗೆ ಆಶ್ಚರ್ಯವಾಗಲಿಲ್ಲ. ಅವರು ಊರಿನಲ್ಲಿ ಸ್ವಂತ ಅಣ್ಣನ ಜೊತೆಗೂ ಮಾತು ಬಿಟ್ಟಿದ್ದಾರೆ. ಪ್ರಿನ್ಸಿಪಾಲರು ನನ್ನ ಭಾಷಣ ಓದಿದರು. ರಾಯರು ತಿದ್ದಿಕೊಟ್ಟ ಪ್ರತಿಯನ್ನಲ್ಲ, ಮೊದಲಿನ ಪ್ರತಿಯನ್ನು. "ಅಖಂಡ" ಎಂಬಲ್ಲಿ ಮೇಜು ಬೇರೆ ಕುಟ್ಟಿದರು. ಆ ಐದು ತಿಂಗಳಿಗಾಗಿ ರಾಯರು ಬರೆದ ಏಳನೇ ಪತ್ರ ಸಹಿಗಾಗಿ ಅವರದೇ ಮೇಜಿನ ಮೇಲೆ ಹನ್ನೊಂದು ದಿನದಿಂದ ಬಿದ್ದಿತ್ತು. ಹಾಗಂತ ಕುಟ್ಟಿದ್ದು ಆ ಮೇಜನ್ನಲ್ಲ.

ಆಮೇಲೆ ಸನ್ಮಾನ. ಇಲ್ಲೊಂದು ಸಣ್ಣ ತೊಡಕಿತ್ತು. 2021ರ ಆಗಸ್ಟಿನಲ್ಲಿ, ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಹೊಸತರಲ್ಲಿ, ಸರ್ಕಾರಿ ಸಭೆಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಆದೇಶವಾಗಿತ್ತು. ಒಳ್ಳೆಯ ಆದೇಶ. ಅದನ್ನು ನಾವು ಚಾಚೂ ತಪ್ಪದೆ ಪಾಲಿಸುತ್ತೇವೆ. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟು, ಅದರ ಮೇಲೆ ಒಂದು ಪುಸ್ತಕವನ್ನೂ ಕೊಡುತ್ತೇವೆ. ಆವತ್ತು ಪೇಟ ಬಂದಿತ್ತು, ಹಣ್ಣು ಬಂದಿತ್ತು. ಪುಸ್ತಕ ತರುವುದು ಮರೆತುಹೋಗಿತ್ತು. ನಿರೂಪಕರು "ಈಗ ಪುಸ್ತಕ ಸಮರ್ಪಣೆ" ಎಂದು ಘೋಷಿಸಿಯೂ ಬಿಟ್ಟಿದ್ದರು. ಅಟೆಂಡರ್ ಹಿಂಬಾಗಿಲಿನಿಂದ ಓಡಿದವನು ಐದೇ ನಿಮಿಷದಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ದಪ್ಪ ಪುಸ್ತಕ ಹಿಡಿದು ವಾಪಸ್ ಬಂದ. ಎಲ್ಲಿಂದ ತಂದೆ ಎಂದು ಯಾರೂ ಕೇಳಲಿಲ್ಲ. ಫೋಟೋ ಚೆನ್ನಾಗಿ ಬಂತು.

ಕೊನೆಗೆ ರಾಯರು ಎದ್ದು ಎರಡೇ ಮಾತು ಆಡಿದರು. "ಎಲ್ಲರಿಗೂ ನಮಸ್ಕಾರ. ನಿಮ್ಮ ನಿಮ್ಮ ಎಸ್ಆರ್ ಒಂದು ಸಲ ತೆಗೆದು ನೋಡಿಕೊಳ್ಳಿ." ಜನ ನಕ್ಕರು. ಕ್ಯಾಷಿಯರು ನಗಲಿಲ್ಲ. ಆಮೇಲೆ ಕೇಸರಿಬಾತು.

ಜೂನ್ ಎರಡನೇ ವಾರ ರಾಯರು ಕಾಲೇಜಿಗೆ ಬಂದರು. ವಿಶ್ರಾಂತ ಜೀವನ ಬೇಜಾರಾಗಿ ಅಲ್ಲ, ಬೇಬಾಕಿ ಪತ್ರ ಬೇಕಿತ್ತು. ಕಾಲೇಜಿಗೆ ಇವರಿಂದ ಯಾವ ಬಾಕಿಯೂ ಇಲ್ಲ ಎಂದು ಪ್ರತಿ ವಿಭಾಗದವರೂ ಸಹಿ ಹಾಕಿದರೆ ತಾನೇ ಗಂಟಿನ ದುಡ್ಡು ಬಿಡುವುದು. ಸ್ಟೋರ್ಸ್, ಲ್ಯಾಬ್, ಕ್ರೀಡಾ ವಿಭಾಗ ಎಲ್ಲ ಆಯಿತು. ಮೂವತ್ತು ವರ್ಷದಲ್ಲಿ ಒಂದು ಚೆಂಡೂ ಮುಟ್ಟದವರಿಗೆ ಚೆಂಡು ವಾಪಸ್ ಬಂದಿದೆ ಎಂದು ದೈಹಿಕ ಶಿಕ್ಷಣದವರು ಸಹಿ ಹಾಕಿದರು. ಲೈಬ್ರರಿಯಲ್ಲಿ ಸಿಕ್ಕಿಹಾಕಿಕೊಂಡಿತು.

"ಒಂದು ಪುಸ್ತಕ ಬಾಕಿ ಇದೆಯಲ್ಲ ರಾಯರೇ," ಅಂದರು ಲೈಬ್ರರಿಯನ್ ಮೇಡಂ.

"ನಾನು ಲೈಬ್ರರಿ ಕಡೆ ಬಂದೇ ನಾಲ್ಕು ವರ್ಷ ಆಯ್ತು ಮೇಡಂ."

ಮೇಡಂ ರಿಜಿಸ್ಟರ್ ತಿರುಗಿಸಿ ತೋರಿಸಿದರು. ತಾರೀಕು ಮೇ 31. ರಾಯರ ಹೆಸರು. ಸಹಿ ಅಟೆಂಡರನದು. ಪಾಪ, ಅವನದೇನು ತಪ್ಪು? ಪುಸ್ತಕ ಯಾರಿಗೋ ಅವರ ಹೆಸರಿಗೇ ಬರೆಸಿದ್ದ.

ರಾಯರು ಮನೆಗೆ ಹೋಗಿ ಪುಸ್ತಕ ತಂದರು. ಬಣ್ಣದ ಕಾಗದವನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ. ಬಿಚ್ಚಿದಾಗ ಮೊದಲ ಪುಟದಲ್ಲಿ ಕಾಲೇಜಿನ ಸೀಲು, ಅದರ ಕೆಳಗೆ ವಾಪಸ್ ಕೊಡಬೇಕಾದ ದಿನ. ಅದರ ಮೇಲೆ ಅಟೆಂಡರನ ಕೈಬರಹದಲ್ಲಿ, ಅಖಂಡ ಸೇವೆಗೆ ಪ್ರೀತಿಯ ಕಾಣಿಕೆ. ಲೈಬ್ರರಿ ಪುಸ್ತಕದಲ್ಲಿ ಪೆನ್ನಿನಿಂದ ಗೀಚಿದರೆ ದಂಡ ಕಟ್ಟಬೇಕು ಎಂಬ ನಿಯಮ ಅಲ್ಲೇ ಗೋಡೆಯ ಮೇಲಿತ್ತು. ಇಬ್ಬರೂ ಒಂದು ಸಲ ಅದನ್ನು ನೋಡಿದರು. ಮೇಡಂ ದೊಡ್ಡ ಮನಸ್ಸು ಮಾಡಿ ಬೇಬಾಕಿಗೆ ಸಹಿ ಹಾಕಿದರು.

1998ರ ಐದು ತಿಂಗಳು ಮಾತ್ರ ಇನ್ನೂ ಸಿಕ್ಕಿಲ್ಲ.

ಜೂನ್ 30ಕ್ಕೆ ಲೈಬ್ರರಿಯನ್ ಮೇಡಂ ಅವರದೇ ನಿವೃತ್ತಿ. ನಾನು ಫೈಲು ತೆಗೆದು, ಧರ್ಮಪತ್ನಿಯನ್ನು ಮೊದಲು ಅಳಿಸಿ, ಹೆಸರು ಬದಲಿಸಿ ಕೊಟ್ಟೆ. ಸಮಾರಂಭಕ್ಕೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಅಟೆಂಡರ್ ಲೈಬ್ರರಿಗೆ ಬಂದು ತಲೆ ಕೆರೆದುಕೊಳ್ಳುತ್ತ ನಿಂತ.

"ಮೇಡಂ, ಒಂದು ಪುಸ್ತಕ ಬೇಕಿತ್ತು."

ಮೇಡಂ ತಲೆ ಎತ್ತದೆ ಕಪಾಟು ತೋರಿಸಿದರು. "ರಾಯರು ತಂದುಕೊಟ್ಟಿದ್ದು ಅಲ್ಲೇ ಇದೆ, ಅದೇ ತಗೋ. ಅಖಂಡ ಅಂತ ಬರೆದೂ ಆಗಿದೆ. ಆದ್ರೆ ನೋಡಪ್ಪ, ನನ್ನ ಹೆಸರಲ್ಲಿ ಮಾತ್ರ ಬರೆಸಬೇಡ."