ಮುಳ್ಳು ಎಣಿಸಿದ ಮೈಲಿ

ಒಂದು ಮೈಲಿ ಎಂದರೆ 1609 ಮೀಟರ್ 34 ಸೆಂಟಿಮೀಟರ್. ನಾನು ಬೆಳಗಿನ ಹೊತ್ತು ಈಜುವ ದಾವಣಗೆರೆಯ ಕೊಳದ ಉದ್ದ 25 ಮೀಟರ್. ಭಾಗಿಸಿ ನೋಡಿದರೆ 64 ಲೆಂಗ್ತುಗಳು ಮುಗಿದು 9 ಮೀಟರ್ 34 ಸೆಂಟಿಮೀಟರ್ ಶೇಷವಾಗಿ ಉಳಿಯುತ್ತದೆ. ಈಜಿನ ಸ್ಪರ್ಧೆಗಳವರು ಈ ಶೇಷದ ತಂಟೆಗೇ ಹೋಗದೆ, 1500 ಮೀಟರನ್ನೇ ಸಲುಗೆಯಿಂದ ಮೈಲಿ ಎಂದು ಕರೆದುಬಿಡುತ್ತಾರೆ. ನನಗೆ ಅಷ್ಟು ಔದಾರ್ಯ ಸಾಧ್ಯವಾಗಲಿಲ್ಲ. ಶೇಷದ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು ಆ 64ನ್ನು ತಪ್ಪಿಲ್ಲದೆ ಎಣಿಸುವ ಕಷ್ಟವಿದೆ.

ಹುಡುಗನಾಗಿದ್ದಾಗ ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು ನಾನು. ಆಮೇಲೆ ಭದ್ರಾ ನಾಲೆಗೆ ನೀರು ಬಿಟ್ಟಾಗಲೆಲ್ಲ ಅಲ್ಲಿ ಈಜಿದ್ದೇನೆ. ಬಾವಿಯಲ್ಲಿ ಸುಸ್ತಾದಾಗ ಮೆಟ್ಟಿಲು ಹಿಡಿಯುವುದು, ನಾಲೆಯಲ್ಲಿ ಸೇತುವೆ ಬಂದಾಗ ದಡ ಹತ್ತುವುದು, ಇವಿಷ್ಟೇ ಆಗ ಗೊತ್ತಿದ್ದ ಅಳತೆಗಳು. ಐವತ್ತು ದಾಟಿದ ಮೇಲೆ ವೈದ್ಯರ ಮಾತಿಗೆ ಕಟ್ಟುಬಿದ್ದು ಟೈಲ್ಸ್ ಹಾಕಿದ ಕೊಳಕ್ಕೆ ಇಳಿದಾಗಲೇ, ಈಜುವುದಕ್ಕಿಂತ ಎಣಿಸುವುದು ಕಠಿಣವೆಂಬುದು ತಿಳಿದದ್ದು.

ಗಿಡ್ಡ ಕೊಳದಲ್ಲಿ ಲೆಕ್ಕ ತಪ್ಪುವುದಕ್ಕೂ ಒಂದು ಕ್ರಮವಿದೆ. ಲೆಂಗ್ತಿನ ನಡುವೆ ಸಂಖ್ಯೆ ಮರೆತುಹೋಗುವುದು ಅಪರೂಪ, ಏಕೆಂದರೆ ಪ್ರತಿ ಕೈ ಬೀಸಿಗೂ ‘ಇಪ್ಪತ್ತೇಳು, ಇಪ್ಪತ್ತೇಳು’ ಎಂದು ಮನಸ್ಸು ಜಪಿಸುತ್ತಲೇ ಇರುತ್ತದೆ. ಅದು ಕೈತಪ್ಪುವುದು ತಿರುವಿನಲ್ಲಿ. ಗೋಡೆ ಎಷ್ಟು ದೂರವಿದೆ, ಉಸಿರು ಸಾಕೇ, ಕಾಲು ಎಲ್ಲಿಗೆ ತಾಗೀತು ಎಂದು ಗಮನವೆಲ್ಲ ಅತ್ತ ಹರಿಯುವ ಆ ಒಂದು ಕ್ಷಣದಲ್ಲಿಯೇ ಸಂಖ್ಯೆಯೂ ಬದಲಾಗಬೇಕು. ಗೋಡೆಯನ್ನು ಒದ್ದು ಹೊರಬಂದ ಮೇಲೆ ನಾನು ಹೇಳುತ್ತಿರುವುದು ಹಳೆಯ ಸಂಖ್ಯೆಯೋ ಹೊಸದೋ ಎಂಬ ಅನುಮಾನ ಹುಟ್ಟಿದರೆ ಅದನ್ನು ನೀರಿನೊಳಗೆ ಬಗೆಹರಿಸುವಂತಿಲ್ಲ. ಹೊರಟ ಗೋಡೆಗೆ ಮರಳಿದಾಗ ಸಂಖ್ಯೆ ಸಮವಾಗಿಯೇ ಇರಬೇಕೆಂಬ ನಿಯಮ ಇರುವುದರಿಂದ ಒಂದು ಲೆಂಗ್ತಿನ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಎರಡರ ತಪ್ಪು ಮಾತ್ರ ಮುಗ್ಧ ಮುಖ ಹೊತ್ತು ದಾಟಿಹೋಗುತ್ತದೆ.

ಹೀಗೆ ದಾಟಿಹೋದ ತಪ್ಪೊಂದು ನನ್ನನ್ನು ಅರ್ಧ ದಿನದ ಮಟ್ಟಿಗೆ ಶೂರನನ್ನಾಗಿ ಮಾಡಿತ್ತು. ನಿಲ್ಲದೆ 64 ಲೆಂಗ್ತು ಈಜಲು ನನಗೆ ಸಾಮಾನ್ಯವಾಗಿ 33 ನಿಮಿಷ 30 ಸೆಕೆಂಡು ಬೇಕು. ಒಂದು ದಿನ 32 ನಿಮಿಷ 28 ಸೆಕೆಂಡಿಗೆ ಮುಗಿಯಿತು. ಆ ಸಂತೋಷಕ್ಕೆ ಎರಡು ಬೆಣ್ಣೆದೋಸೆ ಹೆಚ್ಚಾಗಿಯೇ ತಿಂದೆ. ಮಧ್ಯಾಹ್ನ ಲೆಕ್ಕ ಹಾಕಿದಾಗ ಕಡಿಮೆಯಾದದ್ದು 62 ಸೆಕೆಂಡು, ಎರಡು ಲೆಂಗ್ತಿಗೆ ನಾನು ತೆಗೆದುಕೊಳ್ಳುವುದೂ ಹತ್ತಿರ ಹತ್ತಿರ ಅಷ್ಟೇ ಎಂಬುದು ಹೊಳೆಯಿತು. ಒಬ್ಬ ಮನುಷ್ಯ ಒಂದೇ ರಾತ್ರಿಯಲ್ಲಿ ಒಂದು ನಿಮಿಷ ಚುರುಕಾಗುವುದಿಲ್ಲ. 50 ಮೀಟರ್ ಮರೆಯುವುದಂತೂ ಬಹಳ ಸುಲಭ.

ಇಲ್ಲಿ ಪೇಸ್ ಕ್ಲಾಕಿನ ಪರಿಚಯ ಹೇಳಬೇಕು. ನಮ್ಮ ಕೊಳದ ಗೋಡೆಯ ಮೇಲಿರುವ ಇದು ಮೊರದಷ್ಟು ಅಗಲದ ಬಿಳಿಯ ಮುಖದ ಗಡಿಯಾರ. ಇದರಲ್ಲಿ ಗಂಟೆಯ ಮುಳ್ಳಿಲ್ಲ, ನಿಮಿಷದ ಮುಳ್ಳೂ ಇಲ್ಲ. ಅಂಚಿನ ಸುತ್ತ 5, 10, 15 ಎಂದು 60ರವರೆಗೆ ಸಂಖ್ಯೆಗಳಿದ್ದು, ಒಂದು ಕೆಂಪು ಮುಳ್ಳು ನಿಮಿಷಕ್ಕೊಂದು ಸುತ್ತಿನಂತೆ ತಿರುಗುತ್ತಲೇ ಇರುತ್ತದೆ. ಅದನ್ನು ಯಾರೂ ಒತ್ತಿ ಶುರು ಮಾಡುವುದಿಲ್ಲ, ಯಾರೂ ನಿಲ್ಲಿಸುವುದಿಲ್ಲ. ನಾವೇ ಅದರ ಓಟಕ್ಕೆ ಹೊಂದಿಕೊಂಡು ಹೊರಡಬೇಕು. ಆದರೆ ನನ್ನ ವೇಗಕ್ಕೂ ಈ ಗಡಿಯಾರಕ್ಕೂ ಒಂದು ವಿಚಿತ್ರ ವೈರವಿದೆ. ನನಗೆ 50 ಮೀಟರಿಗೆ ಸುಮಾರು ಒಂದು ನಿಮಿಷ, ಮುಳ್ಳಿಗೆ ಒಂದು ಸುತ್ತಿಗೂ ಒಂದು ನಿಮಿಷ. ಆದ್ದರಿಂದ ನಾನು ಎರಡು ಲೆಂಗ್ತನ್ನು ನುಂಗಿದರೂ ಮುಳ್ಳು ಹೆಚ್ಚುಕಡಿಮೆ ಇದ್ದಲ್ಲಿಯೇ ಕಾಣುತ್ತದೆ. ಮೇಲೆ ಹೇಳಿದ ದಿನ ಅದು 30ರ ಬದಲು 28ರ ಮೇಲಿತ್ತು, ಅಷ್ಟೇ ವ್ಯತ್ಯಾಸ. ಐವತ್ತಕ್ಕೆ ಐವತ್ತು ಸೆಕೆಂಡು ತೆಗೆದುಕೊಳ್ಳುವವನ ಕಳ್ಳತನವನ್ನು ಹತ್ತು ಗೆರೆಗಳಷ್ಟು ದೂರ ಸರಿದು ತೋರಿಸುತ್ತಿದ್ದ ಮುಳ್ಳು ನನ್ನ ವಿಷಯದಲ್ಲಿ ಸುಮ್ಮನಿದ್ದುಬಿಟ್ಟಿತು.

ಇದಕ್ಕೆ ಮದ್ದು ಹೇಳಿದವರು ಮಕ್ಕಳಿಗೆ ಈಜು ಕಲಿಸುವ ನಮ್ಮ ಮೇಷ್ಟ್ರು. “ಮೈಲೀನ ಒಂದೇ ಸಲ ನುಂಗಬ್ಯಾಡ್ರಿ ಸರ. ನೂರರ ಹದಿನಾರು ತುತ್ತು ಮಾಡ್ರಿ, ಎರಡು ಹದಿನೈದರ ಮೇಲೆ ಬಿಡ್ರಿ” ಎಂದರು. ಎರಡು ಹದಿನೈದು ಎಂದರೆ 2 ನಿಮಿಷ 15 ಸೆಕೆಂಡು. ಅದು ವಿಶ್ರಾಂತಿಯ ಅವಧಿಯಲ್ಲ, ಒಂದು ಹೊರಡುವಿಕೆಯಿಂದ ಮುಂದಿನ ಹೊರಡುವಿಕೆಗೆ ಇರುವ ಅಂತರ. ಕೊಳದ ಮಾತಿನಲ್ಲಿ ಸೆಂಡ್-ಆಫ್. ನೂರು ಮೀಟರನ್ನು 2 ನಿಮಿಷಕ್ಕೆ ಮುಗಿಸಿದರೆ 15 ಸೆಕೆಂಡು ಉಸಿರಾಡಲು ಸಿಗುತ್ತದೆ, 2 ನಿಮಿಷ 10 ಸೆಕೆಂಡು ಎಳೆದರೆ ಸಿಗುವುದು ಐದೇ. ಈ ಊರಿನ ಹತ್ತಿ ಗಿರಣಿಯ ಕೂಗು ಕೇಳಿ ಬೆಳೆದ ನನಗೆ ಇದರ ಸ್ವಭಾವ ತಟ್ಟನೆ ಅರ್ಥವಾಯಿತು. ಕೂಗು ಆಗುವುದು ಅದರ ಹೊತ್ತಿಗೆ. ಮನೆಯಲ್ಲಿ ಊಟ ತಡವಾದರೆ ಕಡಿಮೆಯಾಗುವುದು ನಮ್ಮ ನಿದ್ದೆ.

ಎರಡು ಹದಿನೈದೇ ಏಕೆ, ಎರಡು ಹತ್ತು ಅಥವಾ ಎರಡು ಇಪ್ಪತ್ತು ಏಕಾಗಬಾರದು ಎಂಬ ಪ್ರಶ್ನೆಗೆ ಉತ್ತರ ನೀರಿಗಿಳಿದ ಮೇಲೆ ಸಿಕ್ಕಿತು. ಮುಳ್ಳು 60ರ ಮೇಲೆ ಬಂದಾಗ ಮೊದಲ ನೂರಕ್ಕೆ ಹೊರಟರೆ, ಎರಡನೆಯದಕ್ಕೆ ಹೊರಡುವಾಗ ಮುಳ್ಳು 15ರ ಮೇಲಿರುತ್ತದೆ, ಮೂರನೆಯದಕ್ಕೆ 30ರ ಮೇಲೆ, ನಾಲ್ಕನೆಯದಕ್ಕೆ 45ರ ಮೇಲೆ, ಐದನೆಯದಕ್ಕೆ ಮತ್ತೆ ನೆತ್ತಿಗೆ. ಅಂದರೆ ಗಡಿಯಾರ ಹೊತ್ತನ್ನು ತೋರಿಸುತ್ತಲೇ ನೂರುಗಳನ್ನೂ ಎಣಿಸುತ್ತದೆ. ಕಟ್ಟೆ ಹಿಡಿದು ನಿಂತಾಗ ‘ಇದು ಆರನೆಯದೋ ಏಳನೆಯದೋ’ ಎಂಬ ಸಂಶಯ ಬಂದರೆ ಮುಳ್ಳಿನ ಮುಂದಿನ ಸರದಿ 15ರದೋ 30ರದೋ ಎಂದು ನೋಡಿದರೆ ಸಾಕು. ಸೆಂಡ್-ಆಫನ್ನು ಸರಿಯಾಗಿ ಎರಡು ನಿಮಿಷಕ್ಕೋ ಮೂರು ನಿಮಿಷಕ್ಕೋ ಇಟ್ಟಿದ್ದರೆ ಪ್ರತಿಸಲವೂ 60ರ ಮೇಲೆಯೇ ಹೊರಡಬೇಕಾಗಿ, ಗಡಿಯಾರ ಈ ವಿಷಯದಲ್ಲಿ ಮೂಕವಾಗುತ್ತಿತ್ತು. ಸುಲಭವೆಂದು ಇಡಿಯ ನಿಮಿಷವನ್ನು ಆರಿಸಿಕೊಳ್ಳುವವರನ್ನು ಕಂಡಾಗ ನನಗೆ ಈಗ ಸ್ವಲ್ಪ ಕನಿಕರ.

ಆದರೆ ಮುಳ್ಳು ಐದನೆಯದಕ್ಕೂ ಒಂಬತ್ತನೆಯದಕ್ಕೂ ಭೇದ ಮಾಡುವುದಿಲ್ಲ. ನೆತ್ತಿಗೆ ಬಂದದ್ದು ಎಷ್ಟನೆಯ ಸಲ ಎಂಬುದನ್ನು ನಾವೇ ನೆನಪಿಡಬೇಕು. ಇದಕ್ಕಾಗಿ ಮನೆಯ ಚೌಕಾಬಾರದ ಡಬ್ಬಿಯಿಂದ ನಾಲ್ಕು ಹುಣಸೆ ಬೀಜ ತಂದು ಕಟ್ಟೆಯ ಮೇಲಿಟ್ಟಿದ್ದೇನೆ. ನೆತ್ತಿಯಲ್ಲಿ ಹೊರಡುವಾಗಲೆಲ್ಲ ಒಂದು ಬೀಜವನ್ನು ಎಡದಿಂದ ಬಲಕ್ಕೆ ಸರಿಸುತ್ತೇನೆ. ನಾಲ್ಕನೆಯ ಬೀಜ ಸರಿದಾಗ ಉಳಿಯುವುದು ಆ ನೂರೂ ಸೇರಿ ನಾಲ್ಕು. ಪಕ್ಕದ ಲೇನಿನವರ ಚಿಟ್ಟೆ ಈಜಿನ ಅಲೆಗೆ ಬೀಜ ಕೊಚ್ಚಿಹೋದ ದಿನವೂ ಉಂಟು. ಆಗ ಕಚೇರಿಯ ಬಾಗಿಲ ಮೇಲಿರುವ ಸಾಮಾನ್ಯ ಗಡಿಯಾರ ಸಾಕ್ಷಿ ಹೇಳುತ್ತದೆ, ಏಕೆಂದರೆ ನಾಲ್ಕು ನೂರುಗಳ ಒಂದು ಆವರ್ತನಕ್ಕೆ 9 ನಿಮಿಷ ಹಿಡಿಯುತ್ತದೆ, ಮತ್ತು 9 ನಿಮಿಷದ ತಪ್ಪನ್ನು ಯಾವ ಗಡಿಯಾರವೂ ಅಡಗಿಸಿಡಲಾರದು.

ಕಳೆದ ವಾರದ ಒಂದು ಬೆಳಗಿನ ಲೆಕ್ಕವನ್ನು ಇಲ್ಲಿ ಹೇಳಬಹುದು. ಮೊದಲ ನೂರಕ್ಕೆ 60ರಲ್ಲಿ ಹೊರಟು ಬಂದು ಗೋಡೆ ಮುಟ್ಟಿದಾಗ ಮುಳ್ಳು 56ರಲ್ಲಿತ್ತು, ಅಂದರೆ 1 ನಿಮಿಷ 56 ಸೆಕೆಂಡು. ನನ್ನ ಗುರಿ ಎರಡು ನಿಮಿಷವಾದ್ದರಿಂದ ಓದುವುದಕ್ಕೆ ಕೂಡುವ ಕಳೆಯುವ ಶ್ರಮವಿಲ್ಲ: ಯಾವ ಅಂಕೆಯಲ್ಲಿ ಹೊರಟೆನೋ ಅದೇ ಅಂಕೆಗೆ ಮರಳಿದರೆ ಸರಿಸಮ, ಹಿಂದಿದ್ದರೆ ಬೇಗ, ದಾಟಿದ್ದರೆ ತಡ. ಎರಡನೆಯದು 15ಕ್ಕೆ ಹೊರಟು 13ಕ್ಕೆ ಬಂತು, ಮೂರನೆಯದು 30ಕ್ಕೆ ಹೊರಟು 29ಕ್ಕೆ, ನಾಲ್ಕನೆಯದು 45ಕ್ಕೆ ಹೊರಟು 46ಕ್ಕೆ. ಒಂದೆರಡು ಸೆಕೆಂಡಿನಂತೆ ಜಾರುತ್ತಿತ್ತು, ಸಿಗುವ ವಿಶ್ರಾಂತಿಯೂ 19ರಿಂದ 14ಕ್ಕೆ ಇಳಿದಿತ್ತು. ಹನ್ನೆರಡನೆಯದು 45ಕ್ಕೆ ಹೊರಟು 51ಕ್ಕೆ ಬಂದಾಗ ಉಳಿದದ್ದು 9 ಸೆಕೆಂಡು. ಬೀಜ ಸರಿಸಿ, ಕನ್ನಡಕದ ಮಂಜು ಒರೆಸಿಕೊಳ್ಳುವಷ್ಟರಲ್ಲಿ ಮುಳ್ಳು ನೆತ್ತಿಗೆ ಬಂದಿತ್ತು. ಈ ಜಾರುವಿಕೆಯ ಬೀಜ ಬಿದ್ದಿದ್ದು ಹನ್ನೆರಡನೆಯದರಲ್ಲಲ್ಲ, ಮೊದಲನೆಯ ನೂರರ ಆ 56ರಲ್ಲಿ. ತಾಜಾ ಮೈಯ ಹುಮ್ಮಸ್ಸಿನಲ್ಲಿ ಗಳಿಸಿದ ನಾಲ್ಕು ಸೆಕೆಂಡುಗಳಿಗೆ ಕೊನೆಯಲ್ಲಿ ಬಡ್ಡಿ ಸಮೇತ ತೆರಬೇಕಾಯಿತು. ಮರುದಿನ ಬೇಕೆಂದೇ ಮೊದಲನೆಯದನ್ನು ಎರಡು ನಿಮಿಷಕ್ಕೆ ಹಿಡಿದು ಹೊರಟಾಗ, ಹದಿನಾರನೆಯದೂ 45ಕ್ಕೆ ಹೊರಟು 47ಕ್ಕೆ ಮರಳಿತು.

ನನ್ನ ಲೇನಿನಲ್ಲಿ ಹತ್ತು ಸೆಕೆಂಡು ಹಿಂದೆ ಹೊರಡುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಅವರ ಅಂಕೆಗಳು 10, 25, 40, 55. ಮೊದಮೊದಲು ಅವರು ಆ ಹತ್ತನ್ನು ಕಳೆಯಲು ಮರೆತು, “ಯಾಕೋ ಇವತ್ತು ಬಹಳ ನಿಧಾನ ಆಯ್ತಲ್ರೀ” ಎಂದು ಕೊರಗುತ್ತಿದ್ದರು. ಈಗ ಅವರ ಕೊರಗು ಮಾಯವಾಗಿ ಬೇರೊಂದು ಚಟ ಬಂದಿದೆ. ಹದಿನಾರು ನೂರುಗಳ ಈಜಿನ ಹೊತ್ತನ್ನಷ್ಟೇ ಕೂಡಿ, ನಡುವಿನ ವಿಶ್ರಾಂತಿಗಳನ್ನು ಕೈಬಿಟ್ಟು, ‘ಮೈಲಿ 32 ನಿಮಿಷ’ ಎಂದು ಹೇಳಿಕೊಳ್ಳುತ್ತಾರೆ. ಹದಿನೈದು ಸಲ ನಿಂತು ಉಸಿರಾಡಿದ ಮೈಲಿಗೂ ನಿಲ್ಲದ ಮೈಲಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿಲ್ಲವೆಂದಲ್ಲ, ಬ್ಯಾಂಕಿನಲ್ಲಿದ್ದವರು.

ಗಡಿಯಾರವನ್ನು ನಂಬುವುದಕ್ಕೂ ಒಂದು ಮಿತಿಯಿದೆ. ನಮ್ಮದು ಗೋಡೆಯ ಪ್ಲಗ್ಗಿನಿಂದ ಓಡುವಂಥದ್ದು. ಒಂದು ಬೆಳಗ್ಗೆ ಏಳನೆಯ ನೂರು ಮುಗಿಸಿ ತಲೆ ಎತ್ತಿದರೆ ಮುಳ್ಳು 48ರಲ್ಲಿತ್ತು, ಅಂದರೆ 1 ನಿಮಿಷ 18 ಸೆಕೆಂಡು. ಅರ್ಧ ಕ್ಷಣ ಎದೆಯುಬ್ಬಿದ್ದು ನಿಜ. ನಾನು ನೀರಿನೊಳಗಿದ್ದಾಗ ಕರೆಂಟು ಹೋಗಿ ಬಂದಿತ್ತು. ಮುಳ್ಳು ನಿಂತಲ್ಲೇ ನಿಂತು, ಬಂದೊಡನೆ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ನಡೆದಿತ್ತು. ಹಾಗೆ ಆದಾಗ ಮುಂದಿನ ಸರದಿಯ 45ಕ್ಕಾಗಿ ಕಾಯುತ್ತ ನಿಂತರೆ ಮೈ ತಣ್ಣಗಾಗುತ್ತದೆ. ಆ ಕ್ಷಣದಿಂದಲೇ 15 ಸೆಕೆಂಡು ಎಣಿಸಿ ಹೊರಟು, ಹೊಸ ಅಂಕೆಯಿಂದ ಲೆಕ್ಕ ಮುಂದುವರಿಸುವುದೇ ಮೇಲು.

ಇನ್ನು ಶೇಷ. ಅಳತೆ ಪಟ್ಟಿ ಹಿಡಿದು ನೋಡಿದರೆ 9 ಮೀಟರ್ 34 ಸೆಂಟಿಮೀಟರಿನ ಜಾಗ ಪಕ್ಕದ ಗೋಡೆಯ ಎರಡನೆಯ ದೀಪದ ಗೂಡಿನಿಂದ ಒಂದು ಮೊಳ ಆಚೆಗೆ ಬರುತ್ತದೆ. ಹದಿನಾರು ನೂರು ಮುಗಿದ ಮೇಲೆ ಗೋಡೆಯನ್ನು ಒದ್ದು, ತೇಲುತ್ತ ಸಾಗಿ, ನಾಲ್ಕು ಕೈ ಬೀಸಿ ಅಲ್ಲಿ ನಿಂತುಬಿಡುತ್ತೇನೆ. ಮೊನ್ನೆ ಹೀಗೆ ನಿಂತಿದ್ದಾಗ, ತನ್ನ ಸರದಿಗೆ ಕಾಯುತ್ತಿದ್ದ ಎಂಟು ವರ್ಷದ ಹುಡುಗನೊಬ್ಬ ಕಟ್ಟೆಯ ಮೇಲಿನಿಂದ ಕೇಳಿದ:

“ಅಂಕಲ್, ನಡುವೆ ಯಾಕ್ ನಿಂತ್ರಿ?”

“ಮೈಲಿ ಮುಗೀತಪ್ಪ” ಎಂದೆ.

ಅವನು ನನ್ನನ್ನೊಮ್ಮೆ, ಆಚೆ ದಡವನ್ನೊಮ್ಮೆ ನೋಡಿ ಹೇಳಿದ: “ಗೋಡೆ ಇನ್ನೂ ಅಲ್ಲೈತಲ್ರಿ.”